ವಾರದ ಚಾರ್ಟ್ ‘ಹೂಂ’ ಅಂದರೆ ಸಾಕಾ? ಎರಡು ಟೈಮ್‌ಫ್ರೇಮ್ ಖಾತರಿಯ ಲೆಕ್ಕ ಬಿಚ್ಚಿ ನೋಡೋಣ

ಷೇರು ಮಾರುಕಟ್ಟೆಯ ಬಗ್ಗೆ ಯೂಟ್ಯೂಬ್‌ನಲ್ಲಿ ಯಾವುದೇ ಕೋರ್ಸ್ ಮಾರುವವರ ವಿಡಿಯೋ ನೋಡಿ, ಮೊದಲ ಹತ್ತು ನಿಮಿಷದೊಳಗೆ ಈ ಮಾತು ಬಂದೇ ಬರುತ್ತೆ: “ದಿನದ ಚಾರ್ಟ್ ನೋಡಿ ಕೊಂಡರೆ ಮೋಸ ಹೋಗ್ತೀರಿ. ಮೊದಲು ವಾರದ ಚಾರ್ಟ್ ನೋಡಿ. ಅಲ್ಲಿ ಟ್ರೆಂಡ್ ಮೇಲಿದ್ದರೆ ಮಾತ್ರ ದಿನದ ಚಾರ್ಟ್‌ನಲ್ಲಿ ಎಂಟ್ರಿ.” ಇದಕ್ಕೆ ‘ಮಲ್ಟಿ ಟೈಮ್‌ಫ್ರೇಮ್ ಕನ್ಫರ್ಮೇಶನ್’ ಎಂದು ಹೆಸರು. ಕೇಳೋಕೆ ನ್ಯಾಯವಾಗಿಯೇ ಇದೆ. ಒಬ್ಬರ ಮಾತು ನಂಬೋದಕ್ಕಿಂತ ಇಬ್ಬರನ್ನು ಕೇಳೋದು ಒಳ್ಳೇದು ಅಲ್ವಾ?

ಆದರೆ ಆ ವಿಡಿಯೋಗಳಲ್ಲಿ ಒಂದು ಪ್ರಶ್ನೆ ಬರೋದೇ ಇಲ್ಲ. ವಾರದ ಚಾರ್ಟ್ ‘ಬೇಡ’ ಅಂದ ಟ್ರೇಡ್‌ಗಳು ಏನಾದವು? ಅವು ನಿಜಕ್ಕೂ ನಷ್ಟವಾದವಾ? ಅದನ್ನು ಎಣಿಸದೆ ಈ ನಿಯಮ ಕೆಲಸ ಮಾಡುತ್ತೆ ಅನ್ನೋಕಾಗಲ್ಲ, ಮಾಡಲ್ಲ ಅನ್ನೋಕೂ ಆಗಲ್ಲ.

ಇದು ಬರೀ ಚಾರ್ಟ್ ಹುಚ್ಚಿನವರ ಜಗಳ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಬಿಡಿ ಟ್ರೇಡರ್‌ಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದೇ ವರ್ಷ ಜುಲೈನಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಒಂದೇ ದಿನದೊಳಗೆ ಷೇರು ಕೊಂಡು ಮಾರುವ ಹತ್ತು ಜನರಲ್ಲಿ ಏಳು ಮಂದಿ 2022-23ರಲ್ಲಿ ಕಳೆದುಕೊಂಡಿದ್ದರು. ನಾವು ಇಲ್ಲಿ ಮಾತಾಡ್ತಿರೋದು ಇವೆರಡರ ಬಗ್ಗೆಯೂ ಅಲ್ಲ. ಷೇರನ್ನು ಕೆಲವು ವಾರ ಹಿಡಿದು ಮಾರುವ ‘ಸ್ವಿಂಗ್’ ವ್ಯವಹಾರದ ಬಗ್ಗೆ. ಆದರೆ ಕಳೆದುಕೊಂಡ ಜನಕ್ಕೆ “ನಿಮ್ಮ ತಪ್ಪು ಇಷ್ಟೇ, ವಾರದ ಚಾರ್ಟ್ ನೋಡಲಿಲ್ಲ” ಎಂದು ಮುಂದಿನ ಕೋರ್ಸ್ ಮಾರುವುದು ಇದೇ ಜಾಗದಲ್ಲಿ. ಹಾಗಾಗಿ ಲೆಕ್ಕ ನೋಡೋಣ.

ಈ ನಿಯಮ ಎಲ್ಲಿಂದ ಬಂತು?

ಮಾರುಕಟ್ಟೆಯ ಚಲನೆಯನ್ನು ಸಮುದ್ರದ ಭರತ, ಅಲೆ, ಸಣ್ಣ ತರಂಗ ಎಂದು ಮೂರು ಪದರಗಳಾಗಿ ನೋಡುವುದು ಡೌ ಥಿಯರಿಯ ಹಳೆಯ ಹೋಲಿಕೆ. ಅದನ್ನು ಎಂಟ್ರಿ, ಎಕ್ಸಿಟ್ ಇರುವ ವಿಧಾನವಾಗಿ ಜನಪ್ರಿಯ ಮಾಡಿದವರು ಅಲೆಕ್ಸಾಂಡರ್ ಎಲ್ಡರ್. ವೃತ್ತಿಯಲ್ಲಿ ಮನೋವೈದ್ಯರಾಗಿದ್ದ ಇವರು 1986ರಲ್ಲಿ ಅಮೆರಿಕದ ‘ಫ್ಯೂಚರ್ಸ್’ ಪತ್ರಿಕೆಯಲ್ಲಿ ‘ಟ್ರಿಪಲ್ ಸ್ಕ್ರೀನ್’ ಎಂಬ ವಿಧಾನವನ್ನು ಬರೆದರು. 1993ರ ‘ಟ್ರೇಡಿಂಗ್ ಫಾರ್ ಎ ಲಿವಿಂಗ್’ ಪುಸ್ತಕದಿಂದ ಅದು ಎಲ್ಲೆಡೆ ಹರಡಿತು.

ಎಲ್ಡರ್ ಹೇಳಿದ್ದು ಹೀಗೆ: ನೀವು ದಿನದ ಚಾರ್ಟ್‌ನಲ್ಲಿ ವ್ಯವಹರಿಸುವುದಾದರೆ, ಸುಮಾರು ಐದು ಪಟ್ಟು ದೊಡ್ಡದಾದ ವಾರದ ಚಾರ್ಟ್‌ನಲ್ಲಿ ಮೊದಲು ದಿಕ್ಕು ನೋಡಿ. ದಿಕ್ಕು ಮೇಲಿದ್ದರೆ, ದಿನದ ಚಾರ್ಟ್‌ನಲ್ಲಿ ಬೆಲೆ ತಾತ್ಕಾಲಿಕವಾಗಿ ಕೆಳಗೆ ಬಂದಾಗ ಕೊಳ್ಳಲು ತಯಾರಾಗಿ. ಮತ್ತೆ ಮೇಲೆ ತಿರುಗಿದಾಗ ಕೊಳ್ಳಿ.

ಇಲ್ಲೊಂದು ಸೂಕ್ಷ್ಮ ಇದೆ, ಇಂದಿನ ಕೋರ್ಸ್‌ಗಳು ಇದನ್ನು ಮರೆತಿವೆ. ಎಲ್ಡರ್ ವಿಧಾನದಲ್ಲಿ ದಿನದ ಚಾರ್ಟ್ ವಾರದ ಚಾರ್ಟ್‌ಗೆ ತಾತ್ಕಾಲಿಕವಾಗಿ *ವಿರುದ್ಧ* ಹೋಗಿರಬೇಕು. ಈಗ ಹೆಚ್ಚಾಗಿ ಕಲಿಸುವುದು “ವಾರವೂ ಮೇಲೆ, ದಿನವೂ ಮೇಲೆ, ಹಾಗಾದರೆ ಕೊಳ್ಳಿ” ಅಂತ. ಎರಡೂ ಬೇರೆ ಬೇರೆ ವಿಧಾನ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಲಾಗ್ತಿದೆ. ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನೋದಕ್ಕೆ ಮತ್ತೆ ಬರ್ತೀನಿ.

ಎಕ್ಸ್‌ಪೆಕ್ಟೆನ್ಸಿ ಅಂದರೆ ಇಷ್ಟೇ

ಒಂದು ಷೇರನ್ನು 500 ರೂಪಾಯಿಗೆ ಕೊಂಡು, 480ಕ್ಕೆ ಸ್ಟಾಪ್‌ಲಾಸ್ ಇಟ್ಟಿರಿ ಅನ್ನಿ. 100 ಷೇರು ಕೊಂಡಿದ್ದರೆ ನೀವು ಪಣಕ್ಕಿಟ್ಟದ್ದು 2,000 ರೂಪಾಯಿ. ಈ ಮೊತ್ತವನ್ನು ಟ್ರೇಡರ್‌ಗಳು ‘ಒಂದು ಆರ್’ ಅಂತಾರೆ. 3,600 ಲಾಭ ಬಂದರೆ ಅದು 1.8 ಆರ್. ಸ್ಟಾಪ್ ಹೊಡೆದರೆ ಮೈನಸ್ 1 ಆರ್. ಹೀಗೆ ಅಳೆದರೆ ಸಣ್ಣ ಟ್ರೇಡ್, ದೊಡ್ಡ ಟ್ರೇಡ್ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಎಕ್ಸ್‌ಪೆಕ್ಟೆನ್ಸಿ ಅಂದರೆ ಒಂದು ಟ್ರೇಡ್‌ಗೆ ಸರಾಸರಿ ಎಷ್ಟು ಆರ್ ಬರುತ್ತೆ ಅನ್ನೋದು. ನೂರರಲ್ಲಿ 40 ಟ್ರೇಡ್ ಗೆದ್ದು ಸರಾಸರಿ 1.8 ಆರ್ ತಂದರೆ, ಉಳಿದ 60 ಸೋತು ತಲಾ 1 ಆರ್ ಕಳೆದರೆ:

```
0.40 × 1.8 − 0.60 × 1 = 0.12
```

ಅಂದರೆ ಟ್ರೇಡ್‌ಗೆ 0.12 ಆರ್, ನಮ್ಮ ಲೆಕ್ಕದಲ್ಲಿ 240 ರೂಪಾಯಿ. 40 ಸಲ ಗೆದ್ದು 60 ಸಲ ಸೋತೂ ಲಾಭ. ‘ನಮ್ಮದು ಶೇ. 80 ಗೆಲುವು’ ಎಂಬ ಜಾಹೀರಾತು ಯಾಕೆ ಅರ್ಥವಿಲ್ಲದ್ದು ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಎಷ್ಟು ಸಲ ಗೆದ್ದಿರಿ ಅನ್ನೋದರ ಜೊತೆಗೆ ಗೆದ್ದಾಗ ಎಷ್ಟು, ಸೋತಾಗ ಎಷ್ಟು ಅನ್ನೋದೂ ಬೇಕು.

ಈಗ ಪ್ರಶ್ನೆ ಸ್ಪಷ್ಟ. ವಾರದ ಚಾರ್ಟ್‌ನ ಅನುಮತಿ ಸೇರಿಸಿದರೆ ಈ 0.12 ನಿಜವಾಗಿ ಮೇಲೆ ಹೋಗುತ್ತಾ?

ಪರೀಕ್ಷೆಗೆ ಒಂದು ನಿಯಮ

ಬಾಯಿಮಾತಿನ ನಿಯಮವನ್ನು ಪರೀಕ್ಷೆ ಮಾಡೋಕಾಗಲ್ಲ. “ವಾರದ ಟ್ರೆಂಡ್ ಚೆನ್ನಾಗಿರಬೇಕು” ಅಂದರೆ ಕಂಪ್ಯೂಟರ್‌ಗೂ ಗೊತ್ತಾಗಲ್ಲ, ಸೋತ ಮೇಲೆ “ಆ ಟ್ರೆಂಡ್ ಅಷ್ಟು ಚೆನ್ನಾಗಿರಲಿಲ್ಲ ಬಿಡಿ” ಅಂತ ಜಾರಿಕೊಳ್ಳೋಕೂ ಬರುತ್ತೆ. ಹಾಗಾಗಿ ಕಟ್ಟುನಿಟ್ಟಾಗಿ ಬರೆದುಕೊಳ್ಳೋಣ.

ದಿನದ ನಿಯಮ: ಷೇರು ಹಿಂದಿನ 20 ದಿನಗಳ ಗರಿಷ್ಠ ಬೆಲೆಗಿಂತ ಮೇಲೆ ಮುಕ್ತಾಯವಾದರೆ, ಮರುದಿನ ಮಾರುಕಟ್ಟೆ ತೆರೆದಾಗ ಕೊಳ್ಳುವುದು. ವಾರದ ಗೇಟು: ಕಳೆದ *ಮುಗಿದ* ವಾರದ ಮುಕ್ತಾಯ ಬೆಲೆ 40 ವಾರಗಳ ಸರಾಸರಿಗಿಂತ ಮೇಲಿದ್ದರೆ ಗೇಟು ತೆರೆದಿದೆ, ಇಲ್ಲದಿದ್ದರೆ ಮುಚ್ಚಿದೆ. ಸ್ಟಾಪ್‌ಲಾಸ್ ಮತ್ತು ಹೊರಬರುವ ನಿಯಮ ಎರಡೂ ಕಡೆ ಒಂದೇ. ಇದು ಮುಖ್ಯ, ಯಾಕೆಂದರೆ ಗೇಟಿನ ಜೊತೆಗೆ ಎಕ್ಸಿಟ್ ಕೂಡ ಬದಲಾಯಿಸಿದರೆ ಸುಧಾರಣೆ ಯಾವುದರಿಂದ ಬಂತು ಅಂತ ಯಾರಿಗೂ ತಿಳಿಯಲ್ಲ.

ಮೊದಲ ಬಲೆ: ಶುಕ್ರವಾರವನ್ನು ಸೋಮವಾರವೇ ನೋಡೋದು

‘ಮುಗಿದ ವಾರ’ ಅನ್ನೋದಕ್ಕೆ ಒತ್ತು ಕೊಟ್ಟೆ. ಕಾರಣ, ಬ್ಯಾಕ್‌ಟೆಸ್ಟ್‌ಗಳು ಹೆಚ್ಚಾಗಿ ಹಾಳಾಗೋದು ಇಲ್ಲೇ.

ವಾರದ ಕ್ಯಾಂಡಲ್ ಪೂರ್ತಿಯಾಗೋದು ಶುಕ್ರವಾರ ಸಂಜೆ. ಆದರೆ ಹಳೆಯ ಡೇಟಾದಲ್ಲಿ ಆ ಕ್ಯಾಂಡಲ್ ಆಗಲೇ ಪೂರ್ತಿಯಾಗಿ ಕೂತಿರುತ್ತೆ. ಕೋಡ್ ಬರೆಯುವಾಗ ಸ್ವಲ್ಪ ಎಚ್ಚರ ತಪ್ಪಿದರೂ, ಮಂಗಳವಾರದ ಎಂಟ್ರಿಗೆ ಅದೇ ವಾರದ ಶುಕ್ರವಾರದ ಬೆಲೆ ಅನುಮತಿ ಕೊಡುತ್ತೆ.

ಒಂದು ಉದಾಹರಣೆ. ಒಂದು ಷೇರಿನ 40 ವಾರದ ಸರಾಸರಿ ಸುಮಾರು 515. ಕಳೆದ ಶುಕ್ರವಾರ ಅದು 505ಕ್ಕೆ ಮುಗಿದಿದೆ, ಅಂದರೆ ಗೇಟು ಮುಚ್ಚಿದೆ. ಸೋಮವಾರ 512ಕ್ಕೆ ಮುಗಿದು 20 ದಿನದ ಗರಿಷ್ಠ ದಾಟಿತು. ಮಂಗಳವಾರ 514ಕ್ಕೆ ತೆರೆಯಿತು, ಶುಕ್ರವಾರ 540ಕ್ಕೆ ಮುಗಿಯಿತು. ನಿಜ ಜೀವನದಲ್ಲಿ ಮಂಗಳವಾರ ನಿಮಗೆ ಅನುಮತಿ ಇರಲಿಲ್ಲ. ಆದರೆ ಸೋರುವ ಬ್ಯಾಕ್‌ಟೆಸ್ಟ್ ಶುಕ್ರವಾರದ 540 ನೋಡಿ “ಗೇಟು ತೆರೆದಿದೆ” ಅನ್ನುತ್ತೆ, 514ಕ್ಕೆ ಕೊಂಡುಬಿಡುತ್ತೆ. 20 ರೂಪಾಯಿ ಸ್ಟಾಪ್‌ಗೆ 26 ರೂಪಾಯಿ ಲಾಭ, ಅಂದರೆ ನಾಲ್ಕೇ ದಿನದಲ್ಲಿ 1.3 ಆರ್ ಪುಕ್ಕಟೆ. ಇದೇ ಷೇರು ಶುಕ್ರವಾರ 480ಕ್ಕೆ ಕುಸಿದಿದ್ದರೆ? ಆಗ ಅದೇ ಬ್ಯಾಕ್‌ಟೆಸ್ಟ್ “ಗೇಟು ಮುಚ್ಚಿತ್ತು, ನಾನು ಕೊಳ್ಳಲೇ ಇಲ್ಲ” ಅನ್ನುತ್ತೆ. ಗೆದ್ದದ್ದು ನನ್ನದು, ಸೋತದ್ದು ನನ್ನದಲ್ಲ. ಫಲಿತಾಂಶ ಬಂದ ಮೇಲೆ ಎಕ್ಸಿಟ್ ಪೋಲ್ ಬರೆದ ಹಾಗೆ.

ಪೈಥಾನ್‌ನಲ್ಲಿ ಸರಿಯಾದ ಗೇಟು ಮೂರೇ ಸಾಲು:

```python
wk = close.resample("W-FRI").last()
gate = wk > wk.rolling(40).mean()
gate_d = gate.reindex(close.index, method="ffill")
```

ಇಲ್ಲಿ ವಾರದ ಉತ್ತರಕ್ಕೆ ಶುಕ್ರವಾರದ ತಾರೀಖು ಅಂಟಿರುತ್ತೆ. ಸೋಮವಾರದಿಂದ ಗುರುವಾರದವರೆಗೆ ಹಿಂದಿನ ಶುಕ್ರವಾರದ ಉತ್ತರವೇ ಮುಂದುವರಿಯುತ್ತೆ. ಶುಕ್ರವಾರದ ಸಿಗ್ನಲ್‌ಗೆ ಅದೇ ದಿನದ ಉತ್ತರ ಸಿಕ್ಕರೂ, ನಾವು ಕೊಳ್ಳೋದು ಮುಂದಿನ ವಹಿವಾಟಿನ ದಿನ, ಹಾಗಾಗಿ ಮೋಸವಿಲ್ಲ. ಇದರ ಬದಲು `groupby` ಮಾಡಿ `transform("last")` ಹಾಕಿದರೆ ಇಡೀ ವಾರಕ್ಕೆ ಶುಕ್ರವಾರದ ಬೆಲೆ ಸವರಿದಂತೆ, ಅದೇ ಸೋರಿಕೆ. ಟ್ರೇಡಿಂಗ್‌ವ್ಯೂ ಬಳಸುವವರಿಗೆ ಇದೇ ಕಾಟ ಬೇರೆ ರೂಪದಲ್ಲಿ ಬರುತ್ತೆ: `request.security` ಕರೆಯಲ್ಲಿ `barmerge.lookahead_on` ಹಾಕಿ, ಬೆಲೆಯನ್ನು `close[1]` ಎಂದು ಒಂದು ಕ್ಯಾಂಡಲ್ ಹಿಂದಕ್ಕೆ ಸರಿಸದಿದ್ದರೆ, ಹಳೆಯ ಚಾರ್ಟ್ ಭವಿಷ್ಯ ನೋಡಿಕೊಂಡೇ ಸಿಗ್ನಲ್ ಕೊಡುತ್ತೆ.

ಸೋರಿಕೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ? ಗೇಟನ್ನು ಬೇಕೆಂದೇ ಇನ್ನೊಂದು ವಾರ ತಡಮಾಡಿ ನೋಡಿ. 40 ವಾರದ ಸರಾಸರಿ ನಿಧಾನ ಪ್ರಾಣಿ, ಒಂದು ವಾರ ತಡವಾದರೆ ಫಲಿತಾಂಶ ಹೆಚ್ಚೇನೂ ಅಲ್ಲಾಡಬಾರದು. ಒಂದೇ ವಾರದ ತಡಕ್ಕೆ ಲಾಭವೆಲ್ಲ ಆವಿಯಾದರೆ, ಆ ಲಾಭ ಟ್ರೆಂಡ್‌ನಿಂದ ಬಂದದ್ದಲ್ಲ, ಕದ್ದು ನೋಡಿದ್ದರಿಂದ ಬಂದದ್ದು.

ಎರಡನೇ ಬಲೆ: ತಪ್ಪು ಹೋಲಿಕೆ

ಸೋರಿಕೆ ಇಲ್ಲ ಅಂತ ಖಾತರಿಯಾಯಿತು ಅನ್ನಿ. ಈಗ ಫಲಿತಾಂಶ ಓದೋಣ. ಮುಂದಿನ ಅಂಕಿಗಳು ಯಾವುದೋ ನಿಜವಾದ ಷೇರಿನವಲ್ಲ, ಲೆಕ್ಕದ ದಾರಿ ಕಾಣಲಿ ಎಂದು ನಾನು ಇಟ್ಟುಕೊಂಡವು.

12 ವರ್ಷದಲ್ಲಿ ದಿನದ ನಿಯಮ 240 ಟ್ರೇಡ್ ಕೊಟ್ಟಿತು. ಸರಾಸರಿ 0.12 ಆರ್, ಒಟ್ಟು 28.8 ಆರ್. ವಾರದ ಗೇಟು ಹಾಕಿದಾಗ 170 ಟ್ರೇಡ್ ಉಳಿದವು. ಸರಾಸರಿ 0.18 ಆರ್, ಒಟ್ಟು 30.6 ಆರ್.

ಕೋರ್ಸ್ ಮಾರುವವರ ಸ್ಲೈಡ್‌ನಲ್ಲಿ ಇದು ಹೀಗೆ ಬರುತ್ತೆ: “ಎಕ್ಸ್‌ಪೆಕ್ಟೆನ್ಸಿ ಶೇ. 50ರಷ್ಟು ಏರಿಕೆ!” ಸುಳ್ಳಲ್ಲ. 0.12ರಿಂದ 0.18 ಅಂದರೆ ಶೇ. 50ರಷ್ಟು ಏರಿಕೆಯೇ. ಆದರೆ ಒಟ್ಟು ಎಷ್ಟು ಹೆಚ್ಚಾಯಿತು? 28.8ರಿಂದ 30.6. ಹನ್ನೆರಡು ವರ್ಷಕ್ಕೆ 1.8 ಆರ್, ನಮ್ಮ ಲೆಕ್ಕದಲ್ಲಿ 3,600 ರೂಪಾಯಿ. ಅದೇ ಸತ್ಯವನ್ನು ಎರಡು ರೀತಿ ಹೇಳಬಹುದು, ಮಾರುವವನು ಯಾವುದನ್ನು ಆರಿಸ್ಕೋತಾನೆ ಅಂತ ಹೇಳಬೇಕಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಹೋಲಿಕೆಯ ದಾರಿ. ‘ಎಲ್ಲ ಟ್ರೇಡ್’ ವಿರುದ್ಧ ‘ಗೇಟು ಬಿಟ್ಟ ಟ್ರೇಡ್’ ಅಂತ ಹೋಲಿಸಬಾರದು, ಯಾಕೆಂದರೆ ಆ 170 ಟ್ರೇಡ್‌ಗಳು ಎರಡೂ ಗುಂಪಿನಲ್ಲಿವೆ. ಗೇಟು ಮಾಡುವ ಕೆಲಸ ಒಂದೇ: ಟ್ರೇಡ್‌ಗಳನ್ನು ಎರಡು ಬುಟ್ಟಿಗೆ ಹಾಕೋದು. ಹಾಗಾಗಿ ಬಿಟ್ಟ ಬುಟ್ಟಿಯನ್ನು ತಡೆದ ಬುಟ್ಟಿಯ ಎದುರು ಇಡಬೇಕು. ತಡೆದ 70 ಟ್ರೇಡ್‌ಗಳ ಒಟ್ಟು 28.8ರಿಂದ 30.6 ಕಳೆದರೆ ಮೈನಸ್ 1.8 ಆರ್. ಸರಾಸರಿ ಸುಮಾರು ಮೈನಸ್ 0.03 ಆರ್.

ಅಂದರೆ ಗೇಟು ತಡೆದದ್ದು ಅನಾಹುತಗಳನ್ನಲ್ಲ. ಹೆಚ್ಚುಕಡಿಮೆ ಸೊನ್ನೆ ಕೊಡುವ ಟ್ರೇಡ್‌ಗಳನ್ನು. ಎರಡು ಬುಟ್ಟಿಗಳ ನಡುವಿನ ಅಂತರ ಸುಮಾರು 0.21 ಆರ್.

ಈ ಅಂತರ ನಿಜವೋ, ಅದೃಷ್ಟವೋ?

ಒಂದು ಟ್ರೇಡ್ ಮೈನಸ್ 1, ಇನ್ನೊಂದು ಪ್ಲಸ್ 3, ಮತ್ತೊಂದು ಪ್ಲಸ್ ಅರ್ಧ, ಹೀಗೆ ಎಗರಾಡುತ್ತೆ. ಈ ಎಗರಾಟದ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಇಂಥ ಬ್ರೇಕೌಟ್ ನಿಯಮಕ್ಕೆ 1.6 ಆರ್ ಅಂದುಕೊಳ್ಳೋಣ. ಆಗ ಎರಡು ಸರಾಸರಿಗಳ ಅಂತರದಲ್ಲಿ ಇರುವ ಅನಿಶ್ಚಿತತೆ:

```
1.6 × √(1/170 + 1/70) ≈ 0.23
```

ಅಂತರ 0.21, ಅದರ ಅನಿಶ್ಚಿತತೆ 0.23. ತಕ್ಕಡಿಯ ಮುಳ್ಳೇ ಇನ್ನೂರು ಗ್ರಾಂ ಆಚೀಚೆ ಅಲ್ಲಾಡುವಾಗ, ಇನ್ನೂರು ಗ್ರಾಂ ಹೆಚ್ಚು ಬಂತು ಅಂತ ವಾದ ಮಾಡಿದ ಹಾಗಿದು. ಸಾಮಾನ್ಯವಾಗಿ ಅಂತರವು ಅನಿಶ್ಚಿತತೆಯ ಎರಡು ಪಟ್ಟಾದರೂ ಇದ್ದರೆ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಒಂದು ಪಟ್ಟೂ ಇಲ್ಲ.

ಹಾಗಾದರೆ ಎಷ್ಟು ಟ್ರೇಡ್ ಬೇಕು? ಇದೇ ಅಂತರವನ್ನು, ಇದೇ ಪ್ರಮಾಣದ ಬುಟ್ಟಿಗಳಲ್ಲಿ, ನಂಬುವ ಮಟ್ಟಕ್ಕೆ ತರೋಕೆ ಸುಮಾರು 1,200 ಟ್ರೇಡ್ ಬೇಕು. ವರ್ಷಕ್ಕೆ 20ರ ಲೆಕ್ಕದಲ್ಲಿ 60 ವರ್ಷ. “ಆರು ತಿಂಗಳಿಂದ ವಾರದ ಕನ್ಫರ್ಮೇಶನ್ ಬಳಸ್ತಿದ್ದೀನಿ, ವ್ಯತ್ಯಾಸ ಕಣ್ಣಿಗೆ ಕಾಣ್ತಿದೆ ಬ್ರೋ” ಅನ್ನುವ ಮಾತಿನ ತೂಕ ಎಷ್ಟು ಅಂತ ನೀವೇ ನೋಡಿ.

ಇದಕ್ಕೆ ಉತ್ತರವಾಗಿ ಕೆಲವರು 50 ಷೇರುಗಳ ಮೇಲೆ ಒಟ್ಟಿಗೆ ಪರೀಕ್ಷೆ ಮಾಡಿ 1,200 ದಾಟಿಸ್ತಾರೆ. ಸರಿಯಾದ ದಾರಿಯೇ, ಆದರೆ ಒಂದು ಎಚ್ಚರ ಬೇಕು. ಇಡೀ ಮಾರುಕಟ್ಟೆ ಏರಿದ ವಾರ 15 ಬ್ಯಾಂಕ್, ಐಟಿ, ವಾಹನ ಷೇರುಗಳು ಒಟ್ಟಿಗೆ ಬ್ರೇಕೌಟ್ ಕೊಡುತ್ತವೆ, ಒಟ್ಟಿಗೇ ಕುಸಿಯುತ್ತವೆ. ಅವು 15 ಬೇರೆ ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ 15 ಅಂಗಿ ಹಾಕಿಕೊಂಡು ಬಂದದ್ದು.

ಇದನ್ನು ದಾಟಲು ಸೂತ್ರಕ್ಕಿಂತ ಸರಳವಾದ, ಪ್ರಾಮಾಣಿಕವಾದ ಒಂದು ದಾರಿ ಇದೆ: ಹುಚ್ಚು ಗೇಟು. ನಿಜವಾದ ವಾರದ ಗೇಟಿನ ತೆರೆದ-ಮುಚ್ಚಿದ ಪಟ್ಟಿಯನ್ನು ಹಾಗೇ ಇಟ್ಟುಕೊಂಡು, ಇಡೀ ಪಟ್ಟಿಯನ್ನು ಯಾವುದೋ ಒಂದು ಸಂಖ್ಯೆಯಷ್ಟು ವಾರ ಮುಂದಕ್ಕೆ ತಿರುಗಿಸಿ. ಕೊನೆಯಲ್ಲಿ ಹೊರಗುಳಿದದ್ದನ್ನು ಮೊದಲಿಗೆ ಸೇರಿಸಿ. ಈಗ ಗೇಟು ಅಷ್ಟೇ ಕಾಲ ತೆರೆದಿರುತ್ತೆ, ಅಷ್ಟೇ ಉದ್ದದ ಅವಧಿಗಳಲ್ಲಿ ಮುಚ್ಚಿರುತ್ತೆ, ಆದರೆ ಬೆಲೆಗೂ ಅದಕ್ಕೂ ಸಂಬಂಧ ಇರಲ್ಲ. ಎಲ್ಲ ಷೇರುಗಳನ್ನೂ ಒಂದೇ ಸಂಖ್ಯೆಯಷ್ಟು ತಿರುಗಿಸಿದರೆ ಅವುಗಳ ಒಟ್ಟಿಗೆ ಏರಿಳಿಯುವ ಗುಣವೂ ಉಳಿಯುತ್ತೆ. ಸಾಧ್ಯವಿರುವ ಎಲ್ಲ ತಿರುಗಿಸುವಿಕೆಗೂ ಎರಡು ಬುಟ್ಟಿಗಳ ಅಂತರ ಲೆಕ್ಕ ಹಾಕಿ. 12 ವರ್ಷದ ಡೇಟಾದಲ್ಲಿ ಇಂಥ 600ಕ್ಕೂ ಹೆಚ್ಚು ಹುಚ್ಚು ಗೇಟುಗಳು ಸಿಗುತ್ತವೆ. ಅವುಗಳಲ್ಲಿ ನೂರಕ್ಕೆ 20 ಗೇಟುಗಳು ನಿಮ್ಮ ಜಾಣ ಗೇಟಿಗಿಂತ ಚೆನ್ನಾಗಿ ಮಾಡಿದರೆ, ನಿಮ್ಮ ಗೇಟಿನ ಜಾಣತನದ ಬಗ್ಗೆ ಇನ್ನೊಮ್ಮೆ ಯೋಚಿಸಬೇಕು. ಒಂದೋ ಎರಡೋ ಮಾತ್ರ ಗೆದ್ದರೆ, ಆಗ ಅದರಲ್ಲಿ ಹುರುಳಿದೆ.

ಖರ್ಚು ಸೇರಿಸಿದಾಗ ಚಿತ್ರ ತಿರುಗುತ್ತೆ

ಇಲ್ಲಿಯವರೆಗೆ ಖರ್ಚು ಸೇರಿಸಿರಲಿಲ್ಲ. ಷೇರು ಡೆಲಿವರಿ ತೆಗೆದುಕೊಂಡರೆ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1 ಎಸ್‌ಟಿಟಿ. ನಮ್ಮ 50,000 ರೂಪಾಯಿ ಟ್ರೇಡ್‌ಗೆ ಅದೊಂದೇ ಸುಮಾರು 100 ರೂಪಾಯಿ, ಅಂದರೆ 0.05 ಆರ್. ಸ್ಟಾಂಪ್ ಡ್ಯೂಟಿ, ಡಿಪಿ ಶುಲ್ಕ, ಬಯಸಿದ ಬೆಲೆಗೆ ಸಿಗದೆ ಒಂದೆರಡು ಹತ್ತು ಪೈಸೆ ಹೆಚ್ಚು ಕೊಟ್ಟದ್ದು, ಎಲ್ಲ ಸೇರಿ ಒಟ್ಟು 0.08 ಆರ್ ಅಂದುಕೊಳ್ಳೋಣ.

ಗೇಟಿಲ್ಲದ 240 ಟ್ರೇಡ್‌ಗಳ ಎಕ್ಸ್‌ಪೆಕ್ಟೆನ್ಸಿ 0.12ರಿಂದ 0.04ಕ್ಕೆ ಇಳಿಯಿತು, ಒಟ್ಟು 9.6 ಆರ್. ಗೇಟು ಬಿಟ್ಟ 170 ಟ್ರೇಡ್‌ಗಳದ್ದು 0.10, ಒಟ್ಟು 17 ಆರ್. ಈಗ ಅಂತರ 1.8 ಅಲ್ಲ, 7.4 ಆರ್. ಗೇಟು ಇದ್ದಕ್ಕಿದ್ದಂತೆ ಹೀರೋ ಆಯಿತು.

ಏನಾಯಿತು ಅಂದರೆ, ಸೊನ್ನೆ ಕೊಡುವ ಟ್ರೇಡ್‌ಗೂ ಸರ್ಕಾರಕ್ಕೆ, ಬ್ರೋಕರ್‌ಗೆ ಪಾಲು ಹೋಗುತ್ತೆ. ಅಂಥ 70 ಟ್ರೇಡ್ ಮಾಡದೇ ಇದ್ದದ್ದರಿಂದಲೇ 5.6 ಆರ್ ಉಳಿಯಿತು. ಈ ಲಾಭ ನಿಜವಾದದ್ದೇ. ಆದರೆ ಅದು ವಾರದ ಚಾರ್ಟ್‌ನ ದಿವ್ಯದೃಷ್ಟಿಗಿಂತ ಹೆಚ್ಚಾಗಿ ಕಡಿಮೆ ವ್ಯವಹಾರ ಮಾಡಿದ್ದರ ಫಲ. ಮತ್ತೆ ಇದೂ ಒಂದು ಷರತ್ತಿನ ಮೇಲೆ ನಿಂತಿದೆ: ತಡೆದ ಬುಟ್ಟಿ ನಿಜಕ್ಕೂ ಸೊನ್ನೆಯ ಹತ್ತಿರ ಇದ್ದರೆ ಮಾತ್ರ. ಆ ಬುಟ್ಟಿಯ ಸರಾಸರಿಯೂ 0.12 ಆಗಿದ್ದರೆ ಗೇಟು ತಲಾ 0.04 ಆರ್ ನಿವ್ವಳ ಲಾಭವನ್ನು ಎಸೆದಂತೆ. ನಮ್ಮಲ್ಲಿ ಇರೋದು 70 ಟ್ರೇಡ್. ಎರಡರಲ್ಲಿ ಯಾವುದು ಅಂತ ಬೇರ್ಪಡಿಸಿ ಹೇಳುವಷ್ಟು ಅದು ಸಾಲಲ್ಲ.

ಎರಡು ಸಾಕ್ಷಿ, ಒಂದೇ ಮನೆ

ಈಗ ಮೂಲಕ್ಕೆ ಬರೋಣ. ಅಂತರ ಇಷ್ಟು ಸಣ್ಣದಾಗೋಕೆ ಕಾರಣ ಏನು?

ವಾರಕ್ಕೆ ಐದು ವಹಿವಾಟಿನ ದಿನ. 40 ವಾರ ಅಂದರೆ 200 ದಿನ. ವಾರದ ಚಾರ್ಟ್‌ನ 40 ವಾರದ ಸರಾಸರಿ, ದಿನದ ಚಾರ್ಟ್‌ನಲ್ಲಿ ಎಲ್ಲರೂ ಎಳೆಯುವ 200 ದಿನದ ಸರಾಸರಿಯ ಅವಳಿ. ವಾರದ ಕ್ಯಾಂಡಲ್‌ನಲ್ಲಿ ಇರೋದೆಲ್ಲ ಅದೇ ಐದು ದಿನದ ಕ್ಯಾಂಡಲ್‌ಗಳನ್ನು ಕೂಡಿಸಿದ್ದು. ಹೊಸ ಮಾಹಿತಿ ಒಂದು ಚೂರೂ ಇಲ್ಲ. ‘ಇನ್ನೊಂದು ಟೈಮ್‌ಫ್ರೇಮ್ ಒಪ್ಪಿಗೆ ಕೊಟ್ಟಿತು’ ಅಂದರೆ ಅಣ್ಣನ ಮಾತಿಗೆ ತಮ್ಮ ಸಾಕ್ಷಿ ಹೇಳಿದ ಹಾಗೆ. ಗೇಟಿನ ಜಾಗದಲ್ಲಿ 200 ದಿನದ ಸರಾಸರಿ ಇಟ್ಟು ಅದೇ ಪರೀಕ್ಷೆ ಓಡಿಸಿ. ಉತ್ತರ ಹೆಚ್ಚುಕಡಿಮೆ ಅದೇ ಬಂದರೆ, ‘ಮಲ್ಟಿ ಟೈಮ್‌ಫ್ರೇಮ್’ ಅನ್ನೋ ಹೆಸರಿಗೆ ನೀವು ದುಡ್ಡು ಕೊಡಬೇಕಾಗಿಲ್ಲ.

ಇನ್ನು 20 ದಿನದ ಬ್ರೇಕೌಟ್ ತಾನೇ ಒಂದು ಟ್ರೆಂಡ್ ಸಿಗ್ನಲ್. ಏರುತ್ತಿರುವ ಷೇರೇ ಹೆಚ್ಚಾಗಿ ಹೊಸ ಗರಿಷ್ಠ ಮುಟ್ಟೋದು. ಹಾಗಾಗಿ ಬಹುಪಾಲು ಬ್ರೇಕೌಟ್‌ಗಳು ಗೇಟು ತೆರೆದಿದ್ದಾಗಲೇ ಬರುತ್ತವೆ. ಕಾವಲುಗಾರನಿಗೆ ತಡೆಯೋಕೆ ಕೆಲಸವೇ ಕಡಿಮೆ.

ಎಲ್ಡರ್ ವಿಧಾನ ಬೇರೆ ಅಂದದ್ದು ಇದಕ್ಕೇ. ಬೆಲೆ ಬಿದ್ದಾಗ ಕೊಳ್ಳುವ ನಿಯಮದಲ್ಲಿ ದಿನದ ಚಾರ್ಟ್ ನೋಡಿದರೆ ಅದು ಏರುಗತಿಯ ನಡುವಿನ ಸಣ್ಣ ವಿಶ್ರಾಂತಿಯೋ, ದೊಡ್ಡ ಕುಸಿತದ ಒಂದು ಮೆಟ್ಟಿಲೋ ಗೊತ್ತಾಗಲ್ಲ. ಅಲ್ಲಿ ದೊಡ್ಡ ಚಾರ್ಟ್‌ಗೆ ಹೇಳೋಕೆ ಏನೋ ಇದೆ, ಯಾಕೆಂದರೆ ಎಂಟ್ರಿ ಹೇಳದೇ ಇರುವ ವಿಷಯವನ್ನು ಅದು ಹೇಳುತ್ತೆ. ಗೇಟಿಗೆ ಬೆಲೆ ಬರುವುದು ಎಂಟ್ರಿ ನಿಯಮ ನೋಡದೇ ಇರುವುದನ್ನು ಅದು ನೋಡಿದಾಗ. ನೀವು ಪರೀಕ್ಷಿಸೋದಾದರೆ ಬ್ರೇಕೌಟ್‌ಗೂ ಇಳಿಕೆಯಲ್ಲಿ ಕೊಳ್ಳುವ ನಿಯಮಕ್ಕೂ ಬೇರೆ ಬೇರೆಯಾಗಿ ಓಡಿಸಿ. ಒಂದರ ಫಲವನ್ನು ಇನ್ನೊಂದಕ್ಕೆ ಅಂಟಿಸಬೇಡಿ.

2008 ಮತ್ತು 2020: ಒಂದೇ ಗೇಟಿನ ಎರಡು ಮುಖ

2008ರ ಜನವರಿಯಲ್ಲಿ 6,300 ದಾಟಿದ್ದ ನಿಫ್ಟಿ ಅದೇ ಅಕ್ಟೋಬರ್‌ನಲ್ಲಿ 2,300ಕ್ಕಿಂತ ಕೆಳಗೆ ಮುಟ್ಟಿತ್ತು. ಇಂಥ ದೀರ್ಘ ಕುಸಿತದಲ್ಲಿ 40 ವಾರದ ಗೇಟು ವರ್ಷದ ಬಹುಪಾಲು ಮುಚ್ಚಿರುತ್ತೆ. ಪ್ರತಿ ಸಣ್ಣ ಪುಟಿತಕ್ಕೆ ಆಸೆಪಟ್ಟು ಕೊಂಡವರು ಸ್ಟಾಪ್ ಹೊಡೆಸಿಕೊಳ್ಳುತ್ತಿದ್ದಾಗ ಗೇಟಿನವರು ಸುಮ್ಮನೆ ಕೂತಿದ್ದರು.

2020ರಲ್ಲಿ ಕಥೆ ಉಲ್ಟಾ. ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಮುಗಿಯಿತು. ಅಲ್ಲಿಂದ ಚೇತರಿಕೆ ಶುರುವಾಯಿತು. ಆದರೆ 40 ವಾರದ ಸರಾಸರಿಯಲ್ಲಿ ಕೊರೊನಾಕ್ಕೆ ಮೊದಲಿನ 12,000ದ ಬೆಲೆಗಳು ಇನ್ನೂ ಕೂತಿದ್ದವು. ಸೂಚ್ಯಂಕ ಆ ಸರಾಸರಿಯನ್ನು ದಾಟಿದ್ದು ಜುಲೈನಲ್ಲಿ, 10,900ರ ಆಸುಪಾಸಿನಲ್ಲಿ. ಅಷ್ಟರಲ್ಲಿ ಕೆಳಮಟ್ಟದಿಂದ ಸುಮಾರು ಶೇ. 40 ಏರಿಕೆ ಮುಗಿದಿತ್ತು. ಆ ನಾಲ್ಕು ತಿಂಗಳಲ್ಲಿ ಬಂದ ಒಳ್ಳೆಯ ಬ್ರೇಕೌಟ್‌ಗಳಿಗೆಲ್ಲ ಗೇಟು ‘ಬೇಡ’ ಅಂದಿತ್ತು.

ಹಾಗಾಗಿ ನಿಮ್ಮ ಪರೀಕ್ಷೆಯ ಉತ್ತರ ಬಹಳ ಮಟ್ಟಿಗೆ ಇಂಥ ಎರಡು ಮೂರು ಘಟನೆಗಳ ಕೈಯಲ್ಲಿರುತ್ತೆ. ಡೇಟಾ 2007ರಿಂದ ಶುರುವಾದರೆ ಗೇಟು ಗೆದ್ದಂತೆ ಕಾಣಬಹುದು, 2010ರಿಂದ ಶುರುವಾದರೆ ಸೋತಂತೆ. ಒಂದು ಸಲ 2008 ತೆಗೆದು, ಒಂದು ಸಲ 2020 ತೆಗೆದು ಲೆಕ್ಕ ಮಾಡಿ. ಒಂದೇ ವರ್ಷ ತೆಗೆದಾಗ ತೀರ್ಮಾನ ತಿರುಗಿಬಿದ್ದರೆ, ನಿಮ್ಮ ಬಳಿ ಇರೋದು ನಿಯಮವಲ್ಲ, ಒಂದು ವರ್ಷದ ನೆನಪು.

ಇದರಲ್ಲಿ ಗೇಟಿನ ಪರವಾದ ಒಂದು ಮಾತೂ ಇದೆ. ಸಾಲು ಸಾಲು ಸೋಲು ಒಟ್ಟಿಗೆ ಬರೋದು ಕುಸಿತದ ವರ್ಷಗಳಲ್ಲಿ. ಎಕ್ಸ್‌ಪೆಕ್ಟೆನ್ಸಿ ಏರದಿದ್ದರೂ, ಖಾತೆ ಅತಿ ಹೆಚ್ಚು ಕುಸಿದ ಪ್ರಮಾಣವನ್ನು ಗೇಟು ಕಡಿಮೆ ಮಾಡಬಹುದು. ನಡುವೆಯೇ ಹೆದರಿ ಬಿಟ್ಟು ಓಡುವವನಿಗೆ ಅದು ಸಣ್ಣ ವಿಷಯವಲ್ಲ. ಆದರೆ ಅದು ಬೇರೆ ಲಾಭ, ಅದನ್ನು ಬೇರೆಯಾಗಿಯೇ ಅಳೆದು ಹೇಳಬೇಕು. ‘ಎಕ್ಸ್‌ಪೆಕ್ಟೆನ್ಸಿ ಏರಿತು’ ಅನ್ನೋ ಬೋರ್ಡಿನ ಕೆಳಗೆ ಮಾರಬಾರದು.

ಇನ್ನೆರಡು ಕಡೆ ಎಡವುತ್ತಾರೆ

ಮೊದಲನೆಯದು ಇಂದಿನ ನಿಫ್ಟಿ 50 ಪಟ್ಟಿ ಹಿಡಿದು ಹಳೆಯ ವರ್ಷಗಳನ್ನು ಪರೀಕ್ಷಿಸೋದು. ಸತ್ಯಂ, ಯೂನಿಟೆಕ್, ಸುಜ್ಲಾನ್, ರಿಲಯನ್ಸ್ ಕಮ್ಯುನಿಕೇಶನ್ಸ್, ಯೆಸ್ ಬ್ಯಾಂಕ್ ಎಲ್ಲ ಒಂದು ಕಾಲಕ್ಕೆ ಆ ಪಟ್ಟಿಯಲ್ಲಿದ್ದವು. ಬಿದ್ದವರನ್ನು ಬಿಟ್ಟರೆ ಎಲ್ಲ ನಿಯಮಗಳೂ ಚೆನ್ನಾಗಿ ಕಾಣುತ್ತವೆ. ಇಲ್ಲಿ ವಿಚಿತ್ರ ಏನೆಂದರೆ, ಈ ತಪ್ಪು ಗೇಟಿಗೆ *ಅನ್ಯಾಯ* ಮಾಡುತ್ತೆ. ಗೇಟು ತಡೆಯಬಹುದಾಗಿದ್ದ ಕೆಟ್ಟ ಟ್ರೇಡ್‌ಗಳೇ ಡೇಟಾದಲ್ಲಿ ಇರಲ್ಲ. ಉಳಿದಿರೋದು ಬಿದ್ದು ಎದ್ದ ಷೇರುಗಳು, ಅವುಗಳನ್ನು ತಡೆದದ್ದು ತಪ್ಪೆಂಬಂತೆ ಕಾಣುತ್ತೆ. ಹಾಗಾಗಿ ಆಯಾ ವರ್ಷದ ಪಟ್ಟಿಯೇ ಬೇಕು.

ಎರಡನೆಯದು ಒಗ್ಗುವವರೆಗೆ ಗೇಟು ಬದಲಿಸೋದು. 10 ವಾರ, 30 ವಾರ, ಎಂಎಸಿಡಿ, ಸೂಪರ್‌ಟ್ರೆಂಡ್, ಹೀಗೆ. ಇಪ್ಪತ್ತು ನಿಷ್ಪ್ರಯೋಜಕ ಗೇಟುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರೆ, ತಲಾ ಶೇ. 5ರ ಅದೃಷ್ಟದ ಮಿತಿಯಲ್ಲಿ, ಕನಿಷ್ಠ ಒಂದಾದರೂ ‘ಕೆಲಸ ಮಾಡುತ್ತೆ’ ಎಂದು ಕಾಣುವ ಸಾಧ್ಯತೆ ಶೇ. 64. ಸ್ಲೈಡ್‌ಗೆ ಬರೋದು ಆ ಒಂದೇ. 40 ವಾರ ನಿಜವಾಗಿದ್ದರೆ 35, 45, 50 ಕೂಡ ಹೆಚ್ಚುಕಡಿಮೆ ಅದೇ ಉತ್ತರ ಕೊಡಬೇಕು. 40 ಮಾತ್ರ ಹೊಳೆದು ಅಕ್ಕಪಕ್ಕ ಕತ್ತಲಾದರೆ ಅದು ಕಾಕತಾಳೀಯ.

ಹಾಗಾದರೆ?

ಏರುಗತಿಯಲ್ಲೇ ಬರುವ ಬ್ರೇಕೌಟ್ ಎಂಟ್ರಿಗೆ ವಾರದ ಗೇಟು ಹೆಚ್ಚಾಗಿ ಅದೇ ಮಾತನ್ನು ಎರಡನೇ ಸಲ ಹೇಳುತ್ತೆ. ಅಲ್ಲಿ ಸಿಗುವ ಲಾಭದಲ್ಲಿ ದೊಡ್ಡ ಪಾಲು ಕಡಿಮೆ ಟ್ರೇಡ್, ಕಡಿಮೆ ಖರ್ಚಿನದು. ಇಳಿಕೆಯಲ್ಲಿ ಕೊಳ್ಳುವ ಎಂಟ್ರಿಗೆ ಅದು ನಿಜಕ್ಕೂ ಏನಾದರೂ ಸೇರಿಸಬಹುದು. ಎರಡೂ ಕಡೆ ಸಾಬೀತು ಮಾಡೋಕೆ ನೂರಾರು ಅಲ್ಲ, ಸಾವಿರದ ಲೆಕ್ಕದ ಟ್ರೇಡ್ ಬೇಕು.

ಶಿಕ್ಷಣ ಮಾತ್ರ ಕೊಡ್ತೀವಿ ಅನ್ನುವವರು ಕಳೆದ ಮೂರು ತಿಂಗಳ ಮಾರುಕಟ್ಟೆ ಬೆಲೆ ಬಳಸಿ ಷೇರುಗಳ ಬಗ್ಗೆ ಮಾತಾಡಬಾರದು ಎಂದು ಸೆಬಿ 2025ರ ಜನವರಿಯಲ್ಲಿ ಹೇಳಿತು. ಆದರೆ ಹಳೆಯ ಚಾರ್ಟ್ ತೋರಿಸಿ ವಿಧಾನ ಮಾರೋದಕ್ಕೆ ಅದು ಅಡ್ಡಿ ಬರಲ್ಲ, ಅಲ್ಲಿ ನಮ್ಮ ಕಾವಲು ನಾವೇ. ಮುಂದಿನ ಸಲ ಯಾರಾದರೂ ವಾರದ ಕನ್ಫರ್ಮೇಶನ್ ಬಗ್ಗೆ ಕೋರ್ಸ್ ಮಾರೋಕೆ ಬಂದರೆ ಮೂರು ಪ್ರಶ್ನೆ ಕೇಳಿ. ಗೇಟು ತಡೆದ ಟ್ರೇಡ್‌ಗಳ ಸರಾಸರಿ ಎಷ್ಟು? ಅವು ಎಷ್ಟಿದ್ದವು? ಮಂಗಳವಾರ ಕೊಂಡಾಗ ಯಾವ ಶುಕ್ರವಾರದ ಬೆಲೆ ನೋಡಿದ್ದಿರಿ? ಉತ್ತರವಾಗಿ ಇನ್ನೊಂದು ಚಾರ್ಟ್ ತೋರಿಸಿದರೆ, ಅವರು ಲೆಕ್ಕ ಮಾಡಿಲ್ಲ ಅಂತ ಅರ್ಥ.